ಬಾರದು, ಬಹುದು ಮತ್ತು ನಲ್ಲಿಯ ಮೇಲಿನ ಗೋಡೆ

ಕಳೆದ ತಿಂಗಳು ಬಂದ ಪತ್ರಗಳಲ್ಲಿ ಮೂರು ಒಂದೇ ಪ್ರಶ್ನೆ ಹೊತ್ತು ಬಂದಿವೆ. ಒಬ್ಬರು ದರ್ಶಿನಿ ನಡೆಸುವವರು, ಇನ್ನೊಬ್ಬರು ಹಾಸ್ಟೆಲ್ ವಾರ್ಡನ್, ಮತ್ತೊಬ್ಬರು ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕಿ. ಅಡುಗೆಮನೆಯ ಗೋಡೆಗೆ ಕೈ ತೊಳೆಯುವ ಬಗ್ಗೆ ಏನಾದರೂ ಬರೆಸಿ ಹಾಕಬೇಕು, ಆದರೆ ಅಡುಗೆಯವರಿಗೆ ಓದು ಅಷ್ಟಕ್ಕಷ್ಟೇ, ಏನು ಬರೆಸೋಣ ಎಂಬುದು ಮೂವರ ಕೇಳಿಕೆ. ಶಿಕ್ಷಕಿಯವರು ಈಗ ಇರುವ ಬೋರ್ಡಿನ ಮಾತನ್ನು ಹಾಗೇ ಇಳಿಸಿ ಕಳಿಸಿದ್ದಾರೆ: 'ಆಹಾರ ತಯಾರಿಕೆಗೆ ಮುನ್ನ ಹಾಗೂ ಶೌಚಾಲಯದ ಬಳಕೆಯ ನಂತರ ಕಡ್ಡಾಯವಾಗಿ ಸಾಬೂನಿನಿಂದ ಹಸ್ತಗಳನ್ನು ಸ್ವಚ್ಛಗೊಳಿಸಿಕೊಳ್ಳತಕ್ಕದ್ದು. ಅಸ್ವಚ್ಛ ಹಸ್ತಗಳಿಂದ ಆಹಾರ ಪದಾರ್ಥಗಳನ್ನು ಸ್ಪರ್ಶಿಸತಕ್ಕದ್ದಲ್ಲ.'

ಈ ಬೋರ್ಡನ್ನು ನಾನು ಎಲ್ಲೋ ನೋಡಿದ್ದೇನೆ ಅನ್ನಿಸಿತು. ನೋಡಿದ್ದೇನೆ ಮಾತ್ರವಲ್ಲ, ಇಂಥವನ್ನು ಬರೆದಿದ್ದೇನೆ ಕೂಡ. ಆರೋಗ್ಯ ಶಿಕ್ಷಣದ ಕೆಲಸದಲ್ಲಿ ಇದ್ದಷ್ಟು ಕಾಲ ಇಂಥ ಕನ್ನಡವೇ ಸರಿಯಾದ ಕನ್ನಡ ಎಂದು ನಂಬಿದ್ದವಳು ನಾನು. ಆ ನಂಬಿಕೆ ಬಿಡಿಸಿದ್ದು ಒಂದು ಬಿಸಿಯೂಟದ ಕೋಣೆ.

ನೂರ ನಲವತ್ತು ಮಕ್ಕಳಿದ್ದ ಶಾಲೆ ಅದು. ಬಿಸಿಯೂಟದ ಲೆಕ್ಕದಲ್ಲಿ 25 ಮಕ್ಕಳವರೆಗೆ ಒಬ್ಬರು ಅಡುಗೆಯವರು, 100ರವರೆಗೆ ಇಬ್ಬರು, ಆಮೇಲೆ ಪ್ರತಿ ನೂರಕ್ಕೆ ಇನ್ನೊಬ್ಬರು. ಹಾಗಾಗಿ ಅಲ್ಲಿ ಮೂವರು ಹೆಂಗಸರಿದ್ದರು. ಹಿರಿಯಾಕೆಗೆ ಹೆಸರು ಬರೆಯಲು ಬರುತ್ತಿತ್ತು, ಬಸ್ಸಿನ ಬೋರ್ಡು ಗುರುತು ಸಿಗುತ್ತಿತ್ತು. ಎರಡನೆಯವರು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವರು, ನಿಧಾನವಾಗಿ ಕೂಡಿಸಿ ಓದುತ್ತಿದ್ದರು. ಮೂರನೆಯಾಕೆ ಚೆನ್ನಾಗಿಯೇ ಓದುತ್ತಿದ್ದಳು, ಆದರೆ ಓದುವ ಬಿಡುವು ಅವಳಿಗೆ ಇರಲಿಲ್ಲ. ನಾನು ಬರೆಸಿ ಅಂಟಿಸಿದ್ದ ಫಲಕದ ಮುಂದೆ ಎರಡನೆಯವರನ್ನು ನಿಲ್ಲಿಸಿ 'ಓದಮ್ಮ' ಎಂದೆ. 'ಕೈ ತೊಳೆಯದೆ ಆಹಾರವನ್ನು ಮುಟ್ಟಬಾರದು' ಎಂದು ಅದರಲ್ಲಿತ್ತು. ಆಕೆ ಬೆರಳಿಟ್ಟು ಓದಿದರು: 'ಕೈ... ತೊಳೆ... ತೊಳೆಯದೆ... ಆಹಾರ... ಮುಟ್ಟ... ಬ... ಮುಟ್ಟಬಹುದು.' ಆಮೇಲೆ ನನ್ನ ಮುಖ ನೋಡಿ ಕೇಳಿದರು, 'ಹಂಗೂ ಮುಟ್ಬೌದಾ ಮೇಡಂ? ಹೋದ್ಸಲ ಬೇಡ ಅಂದಿದ್ರಲ್ಲ!'

ತಪ್ಪು ಆಕೆಯದಲ್ಲ. ಮುಟ್ಟಬಾರದು, ಮುಟ್ಟಬಹುದು ಎರಡನ್ನೂ ಒಂದರ ಕೆಳಗೊಂದು ಬರೆದು ನೋಡಿ. ಎರಡರಲ್ಲೂ ಐದೈದು ಅಕ್ಷರ. ಮೊದಲಿನ ಎರಡು ಒಂದೇ, ಕೊನೆಯದೂ ಒಂದೇ. ನಡುವಿನ 'ಬಾ' ಮತ್ತು 'ಬ'ಕ್ಕೆ ಇರುವುದು ಒಂದು ದೀರ್ಘದ ವ್ಯತ್ಯಾಸ. ಅರ್ಥವನ್ನು ತಿರುಗುಮುರುಗು ಮಾಡುವ ಭಾರವೆಲ್ಲ ಒಂದು 'ರ', ಒಂದು 'ಹು' ಮೇಲೆ ನಿಂತಿದೆ. ಸರಾಗವಾಗಿ ಓದುವವರು ಇಡೀ ಪದವನ್ನು ಒಂದೇ ನೋಟಕ್ಕೆ ಹಿಡಿಯುತ್ತಾರೆ. ಕೂಡಿಸಿ ಓದುವವರು ಪದದ ಮೊದಲ ಎರಡು ಮೂರು ಅಕ್ಷರ ಓದಿ, ಉಳಿದದ್ದನ್ನು ಊಹಿಸಿ ಮುಗಿಸುತ್ತಾರೆ. ಕನ್ನಡದಲ್ಲಿ ಬೇಡ ಅನ್ನುವ ಮಾತು ಬರುವುದೇ ವಾಕ್ಯದ ಬಾಲದಲ್ಲಿ, ಅದೂ ಕ್ರಿಯಾಪದಕ್ಕೆ ಅಂಟಿಕೊಂಡು. ಊಹೆ ನಡೆಯುವುದೂ ಅದೇ ಬಾಲದಲ್ಲಿ. ಸರ್ಕಾರಿ ಕನ್ನಡದ 'ತಕ್ಕದ್ದು', 'ತಕ್ಕದ್ದಲ್ಲ' ಇದಕ್ಕಿಂತ ಅಪಾಯಕಾರಿ. ಕೊನೆಯ ಒಂದಕ್ಷರ ಹೊಗೆಗೆ ಮಸುಕಾದರೆ ಅಥವಾ ಎಣ್ಣೆ ಸಿಡಿದು ಅಳಿಸಿದರೆ ನಿಷೇಧ ಹೋಗಿ ಅಪ್ಪಣೆಯಾಗುತ್ತದೆ. 'ತೊಳೆಯದೆ ಮುಟ್ಟಬಾರದು' ಎಂಬಲ್ಲಿ ಇನ್ನೊಂದು ತೊಡಕಿದೆ. ಅದರಲ್ಲಿ ಎರಡು ಇಲ್ಲ ಇವೆ, ಓದುವವರು ಎರಡನ್ನೂ ಬಿಡಿಸಿಕೊಂಡು 'ಅಂದರೆ ತೊಳೆದು ಮುಟ್ಟಬೇಕು' ಎಂಬಲ್ಲಿಗೆ ಬರಬೇಕು. ಒಲೆಯ ಮೇಲೆ ಬೇಳೆ ಉಕ್ಕುತ್ತಿರುವಾಗ ಇಷ್ಟು ವ್ಯಾಕರಣ ಯಾರೂ ಮಾಡುವುದಿಲ್ಲ.

ಅಂದಿನಿಂದ ನಾನು ಇಟ್ಟುಕೊಂಡ ಪರೀಕ್ಷೆ ಒಂದೇ. ಬರೆದ ಮಾತನ್ನು ಅರ್ಧಕ್ಕೆ ಮುರಿದು ನೋಡುವುದು. ಅರ್ಧ ಓದಿದರೂ ಉಲ್ಟಾ ಅರ್ಥ ಬರಬಾರದು. 'ಸೋಪು ಹಾಕಿ ಕೈ ತೊಳೆಯಿರಿ' ಎಂಬುದನ್ನು ಎಲ್ಲಿ ಮುರಿದರೂ ಕೆಡುವುದಿಲ್ಲ. 'ಸೋಪು' ಎಂಬ ಒಂದೇ ಪದ ದಕ್ಕಿದರೂ ನಲ್ಲಿಯ ಮುಂದೆ ನಿಂತವರಿಗೆ ಸಾಕು. ಸುರಕ್ಷತಾ ಚಿಹ್ನೆಗಳಿಗೆ ಅಮೆರಿಕದಲ್ಲಿ ಒಂದು ಮಾನದಂಡವಿದೆ. ಚಿಹ್ನೆಯನ್ನು ನೂರು ಜನಕ್ಕೆ ತೋರಿಸಿದರೆ ಕನಿಷ್ಠ 85 ಜನಕ್ಕೆ ಸರಿಯಾಗಿ ತಿಳಿಯಬೇಕು, ಉಲ್ಟಾ ತಿಳಿಯುವವರು 5ಕ್ಕಿಂತ ಹೆಚ್ಚಿರಕೂಡದು. ಏನೂ ತಿಳಿಯದವರನ್ನೂ ತಲೆಕೆಳಗಾಗಿ ತಿಳಿದವರನ್ನೂ ಬೇರೆ ಬೇರೆ ಎಣಿಸಿರುವುದು ನನಗೆ ಹಿಡಿಸಿದ್ದು. ತಿಳಿಯದವಳು ಪಕ್ಕದವಳನ್ನು ಕೇಳುತ್ತಾಳೆ, ತಪ್ಪು ತಿಳಿದವಳು ಕೇಳುವುದಿಲ್ಲ.

ಅಕ್ಷರದ ವಿಚಾರಕ್ಕೆ ಬಂದರೆ, ಒತ್ತಕ್ಷರವನ್ನೆಲ್ಲ ಬಿಡಿ ಎಂದು ಹೇಳುವವರಿದ್ದಾರೆ. ಅದು ಆಗದ ಮಾತು. ಅಕ್ಕಿ, ಅನ್ನ, ಎಣ್ಣೆ, ಬೆಲ್ಲ ಎಲ್ಲವೂ ಒತ್ತಕ್ಷರವೇ, ಅವನ್ನು ಓದಲು ಯಾರೂ ತಡವರಿಸಲಿಲ್ಲ. ಒಂದೇ ಅಕ್ಷರ ತನಗೆ ತಾನೇ ಒತ್ತು ಕೊಟ್ಟುಕೊಳ್ಳುವ ಸಜಾತಿ ಒತ್ತು ಸುಲಭ, ಶಾಲೆಯಲ್ಲಿ ಮೊದಲು ಕಲಿಸುವುದೂ ಅದನ್ನೇ. ಕಾಲು ತೊಡರುವುದು ಸ್ವ, ಸ್ಪ, ಚ್ಛ, ಕ್ಷ್ಮ ಬಂದಾಗ. 'ಸ್ವಚ್ಛ' ಎಂಬಲ್ಲಿ ಒಂದೇ ಪದದಲ್ಲಿ ಎರಡು ಗಂಟು. 'ಸೂಕ್ಷ್ಮಾಣು' ಎಂಬುದನ್ನು ಓದಿ ಮುಗಿಸುವಷ್ಟರಲ್ಲಿ ಸಾರು ಒಗ್ಗರಣೆಗೆ ಬಂದಿರುತ್ತದೆ. ಇಂಥ ಪದಗಳನ್ನು ಬಿಟ್ಟರೆ ನಷ್ಟವೂ ಇಲ್ಲ, ಅಡುಗೆಮನೆಯಲ್ಲಿ ಅವನ್ನು ಯಾರೂ ಆಡುವುದಿಲ್ಲ. ಇನ್ನು ಒಂದು ಮೋಜಿನ ಪದ 'ಹೆಚ್ಚು'. 'ಹೆಚ್ಚು ತೊಳೆಯಿರಿ' ಎಂದು ಬರೆಸಿದ್ದ ಕಡೆ ಒಬ್ಬಾಕೆ ಕೇಳಿದ್ದರು, 'ತರಕಾರಿ ಹೆಚ್ಚಿ ತೊಳೀಬೇಕಾ, ತೊಳೆದು ಹೆಚ್ಚಬೇಕಾ?'

ಯಾವ ಪದ ಬೇಕು ಎಂಬುದನ್ನು ಕುಳಿತು ಯೋಚಿಸಿ ಕಂಡುಹಿಡಿಯಲಾಗದು, ಕೇಳಿಯೇ ತಿಳಿಯಬೇಕು. ಆ ಶಾಲೆಯಲ್ಲಿ ನಮಗೆ ಎಲ್ಲಕ್ಕಿಂತ ಹೆಚ್ಚು ತಲೆ ತಿಂದದ್ದು 'ಶೌಚಾಲಯ'. 'ಕಕ್ಕಸು' ಎಂದು ಬರೆಯೋಣ ಎಂದೆ. ಹಿರಿಯಾಕೆ ಕೆನ್ನೆಗೆ ಕೈ ಹೊಡೆದುಕೊಂಡರು. 'ಅನ್ನ ಬೇಯೋ ಜಾಗ್ದಲ್ಲಿ ಆ ಮಾತ ಬರೀತೀರಾ?' ಉತ್ತರ ಕರ್ನಾಟಕದಲ್ಲಾದರೆ ಸಂಡಾಸ ಅನ್ನಬಹುದಿತ್ತು, ಅಲ್ಲಿಯೂ ಅನ್ನದ ಪಕ್ಕ ಬರೆಸುತ್ತಾರೋ ಕಾಣೆ. 'ಹೊರಗೆ ಹೋಗಿ ಬಂದರೆ' ಎಂದು ಬರೆಯಿರಿ ಎಂದು ಅವರೇ ಸೂಚಿಸಿದರು. ಆದರೆ ಹೊರಗೆ ಹೋಗುವುದಕ್ಕೆ ಸೌದೆ ತರುವುದರಿಂದ ಹಿಡಿದು ನೂರು ಕಾರಣಗಳಿವೆ, 'ಹೊರಗೆ' ಎಂಬುದಕ್ಕೆ ಹೆಂಗಸರ ಮಾತಿನಲ್ಲಿ ತಿಂಗಳ ಮೂರು ದಿನದ ಅರ್ಥವೂ ಇದೆ. ಕೊನೆಗೆ ಗೆದ್ದದ್ದು 'ಟಾಯ್ಲೆಟ್'. ಮೂವರೂ ಆಡುತ್ತಿದ್ದ ಪದ ಅದು. ಅದಕ್ಕಿಂತ ಮುಖ್ಯವಾಗಿ, ಈ ಮಾತು ಅಡುಗೆಕೋಣೆಯ ಗೋಡೆಯ ಮೇಲೆ ಇರಬೇಕಾಗಿಯೇ ಇಲ್ಲ ಎಂದು ಹೊಳೆಯಿತು. ಟಾಯ್ಲೆಟ್ ಬಾಗಿಲ ಒಳಮೈಗೆ, ಚಿಲಕದ ಮಟ್ಟಕ್ಕೆ ಅಂಟಿಸಿದರೆ, 'ಸೋಪು ಹಾಕಿ ಕೈ ತೊಳೆಯಿರಿ' ಎಂಬಷ್ಟೇ ಸಾಕು. ಯಾವಾಗ ಎಂಬುದನ್ನು ಜಾಗವೇ ಹೇಳುತ್ತದೆ.

ಕೀಟಾಣು ಎಂಬ ಪದ ಎಲ್ಲರಿಗೂ ಗೊತ್ತು, ಜಾಹೀರಾತಿನ ಪುಣ್ಯ. ಆದರೆ ಗೊತ್ತಿರುವುದಕ್ಕೂ ಕೈ ತೊಳೆಯುವುದಕ್ಕೂ ಸಂಬಂಧ ಕಾಣಲಿಲ್ಲ. ನಾನು ಅಲ್ಲಿ ಕೂತು ನೋಡಿದ ಒಂದು ಬೆಳಗ್ಗೆ ಹಿರಿಯಾಕೆ ಸಾಂಬಾರಿನ ಉಪ್ಪು ನೋಡಿದರು. ನಮ್ಮೆಲ್ಲರ ಮನೆಯಲ್ಲಿ ನೋಡುವಂತೆಯೇ: ಸೌಟಿನಿಂದ ಅಂಗೈಗೆ ಎರಡು ಹನಿ ಸುರಿದುಕೊಂಡು ನೆಕ್ಕಿ, ಅದೇ ಕೈಯಲ್ಲಿ ಕೊತ್ತಂಬರಿ ಹರಿದು ಹಾಕಿದರು. ಬಾಯಿ, ಮೂಗು, ಗಂಟಲಲ್ಲಿ ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಎಷ್ಟೋ ಆರೋಗ್ಯವಂತರಲ್ಲಿ ಸುಮ್ಮನೆ ಮನೆ ಮಾಡಿಕೊಂಡಿರುತ್ತದೆ. ಕೈಗೆ ಹತ್ತಿ, ಕೈಯಿಂದ ಬೆಂದ ಅಡುಗೆಗೆ ಬಿದ್ದು, ಅಡುಗೆ ಉಗುರುಬೆಚ್ಚಗೆ ಗಂಟೆಗಟ್ಟಲೆ ಕೂತರೆ ಅದು ಬೆಳೆದು ವಿಷ ಬಿಡುತ್ತದೆ. ಆಮೇಲೆ ಮತ್ತೆ ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಆ ವಿಷ ಉಳಿಯುತ್ತದೆ. ಹಾಗಾಗಿ ಒಗ್ಗರಣೆ ಮುಗಿದ ಮೇಲೆ ಅಡುಗೆಗೆ ಹೋಗುವ ಕೈ, ಶುರುವಿನಲ್ಲಿ ಅಕ್ಕಿ ತೊಳೆಯುವ ಕೈಗಿಂತ ಚೊಕ್ಕವಾಗಿರಬೇಕು. ಇದನ್ನೆಲ್ಲ ಪೋಸ್ಟರಿನಲ್ಲಿ ಹೇಳುವುದು ಹೇಗೆ?

ಹೇಳಬೇಕಾಗಲಿಲ್ಲ. ನಾನು ಕೇಳಿದ್ದು ಇಷ್ಟೇ, 'ಆ ಕೈ ಎಂಜಲಾಗಲಿಲ್ಲವಾ?' ಹಿರಿಯಾಕೆ ತಮ್ಮ ಅಂಗೈ ನೋಡಿಕೊಂಡರು. ಎಂಜಲು ಎಂಬ ಪದದಲ್ಲಿ ಬಾಯಿಯ ನೀರು ತಾಗಿದ್ದು ಇನ್ನೊಬ್ಬರ ಅನ್ನಕ್ಕೆ ತಾಗಕೂಡದು ಎಂಬ ಪಾಠ ಪೂರ್ತಿ ಅಡಗಿದೆ, ಅದನ್ನು ಅಜ್ಜಿ ಕಾಲದಲ್ಲೇ ಕಲಿಸಿಯಾಗಿದೆ. ಅಂಗೈಯಲ್ಲಿ ನೆಕ್ಕಿದ್ದು ಎಂಜಲು ಎಂದು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ, ಅಷ್ಟೇ. ನಲ್ಲಿಯ ಮೇಲಿನ ಫಲಕಕ್ಕೆ ಆ ದಿನವೇ ಒಂದು ಸಾಲು ಸಿಕ್ಕಿತು: 'ರುಚಿ ನೋಡಿದ ಕೈ ಎಂಜಲು. ತೊಳೆಯಿರಿ.' ಕೆಳಗೆ ಒಂದು ಚಿತ್ರ, ಬೇರೆ ಚಮಚ, ಪಕ್ಕದಲ್ಲಿ ಚಿಕ್ಕ ಬಟ್ಟಲು. ಕೆಲವರು ಇಂಥ ಕಡೆ 'ಮಡಿ' ಎಂಬ ಪದ ಬಳಸಬಹುದಲ್ಲ ಎಂದು ಕೇಳುತ್ತಾರೆ. ಬೇಡ. ಎಂಜಲು ಯಾರ ಬಾಯಿಂದ ಆದರೂ ಎಂಜಲೇ, ಮಡಿ ಹಾಗಲ್ಲ. ಯಾರು ಬೇಯಿಸಿದ್ದನ್ನು ಯಾರು ಉಣ್ಣಬೇಕು ಎಂಬ ಜಗಳ ಕೆಲವು ಶಾಲೆಗಳ ಬಿಸಿಯೂಟದ ಕೋಣೆಗೂ ಬಂದಿರುವಾಗ, ಆ ಪದವನ್ನು ಗೋಡೆಗೆ ಹತ್ತಿಸುವುದು ಸೋಪಿಗೆ ಸಂಬಂಧವಿಲ್ಲದ ಬೇರೇನನ್ನೋ ಹೇಳಿದಂತಾಗುತ್ತದೆ.

ಓದು ಬಾರದಿದ್ದರೆ ಚಿತ್ರ ಹಾಕಿ, ಅಷ್ಟೇ ತಾನೆ ಎನ್ನುವವರಿಗೆ ನನ್ನ ಇಂಟು ಮಾರ್ಕಿನ ಕಥೆ ಹೇಳಬೇಕು. ಸೀನುತ್ತಾ ಸಾರು ಬಡಿಸುವ ಹೆಂಗಸಿನ ಚಿತ್ರ ಬರೆಸಿ, ಮೇಲೆ ದಪ್ಪಗೆ ಕೆಂಪು ಇಂಟು ಮಾರ್ಕ್ ಹಾಕಿಸಿದ್ದೆ. ಇದು ಏನು ಹೇಳುತ್ತದೆ ಎಂದು ಹಿರಿಯಾಕೆಯನ್ನು ಕೇಳಿದೆ. 'ಇದುಕ್ಕೆ ಒತ್ತಿ ಅಂತ' ಎಂದರು. ಪಂಚಾಯ್ತಿ ಎಲೆಕ್ಷನ್ನಿನಲ್ಲಿ ಕಾಗದದ ಮೇಲೆ ಬೇಕಾದ ಗುರುತಿಗೆ ಮುದ್ರೆ ಒತ್ತಿ ಬಂದವರು ಅವರು. ಬೇಕಾದ್ದರ ಮೇಲೆ ಗುರುತು ಬೀಳುತ್ತದೆ ಎಂಬುದು ಅವರ ಅನುಭವ. ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಇಂಟು ಮಾರ್ಕ್ ಬಿದ್ದರೆ ತಪ್ಪು ಎಂಬುದು ಶಾಲೆಗೆ ಹೋದವರ ಅನುಭವ. ಅಲ್ಲದೆ ಗೆರೆ ಅಡ್ಡ ಬಂದು ಕೆಳಗಿನ ಮುಖವೇ ಸರಿಯಾಗಿ ಕಾಣುತ್ತಿರಲಿಲ್ಲ. ಕೈಯ ಮೇಲೆ ಹಸಿರು ಚುಕ್ಕೆಗಳಾಗಿ ಕೀಟಾಣು ತೋರಿಸಿದ್ದನ್ನು ಎರಡನೆಯವರು ಗುಳ್ಳೆ ಎಂದುಕೊಂಡರು, 'ಪಾಪ, ಏನಾಗದೆ ಇವರಿಗೆ' ಎಂದರು. ಚಿತ್ರಕ್ಕೂ ಮಾತಿನ ನಿಯಮವೇ: ಏನು ಮಾಡಬೇಕೋ ಅದನ್ನು ಬಿಡಿಸಿ. ಕಣ್ಣಿಗೆ ಕಾಣದ್ದನ್ನು ಬಿಡಿಸಬೇಡಿ. ಇನ್ನು ಹೋಟೆಲುಗಳಲ್ಲಿ, ಒಡಿಶಾದಿಂದಲೋ ನೇಪಾಳದಿಂದಲೋ ಬಂದ ಹುಡುಗರಿದ್ದಲ್ಲಿ, ಕನ್ನಡದ ಸಾಲು ಎಷ್ಟು ಸರಳವಾದರೂ ಕೆಲಸಕ್ಕೆ ಬಾರದು. ದರ್ಶಿನಿಯವರೇ, ನಿಮಗೆ ಚಿತ್ರವೇ ಗತಿ, ಆದರೆ ಅದನ್ನೂ ಆ ಹುಡುಗರ ಕೈಲೇ ಓದಿಸಿ ನೋಡಿ.

ಇಪ್ಪತ್ತು ಸೆಕೆಂಡ್ ಉಜ್ಜಿ ಎಂಬುದು ಎಲ್ಲ ಕಡೆ ಕಾಣುವ ಸಲಹೆ, ಸಲಹೆ ಸರಿಯೇ. ಆದರೆ ಸೆಕೆಂಡ್ ಎಣಿಸುವ ಗಡಿಯಾರ ಬಿಸಿಯೂಟದ ಕೋಣೆಯಲ್ಲಿ ಇಲ್ಲ. ನಾವು ಮಾಡಿದ್ದು 'ಐದು ಜಾಗ, ಐದೈದು ಸಲ': ಅಂಗೈ, ಹಿಂಗೈ, ಬೆರಳ ಸಂದಿ, ಹೆಬ್ಬೆರಳು, ಉಗುರು. ಅವಸರ ಮಾಡದೆ ಮಾಡಿದರೆ ಇಪ್ಪತ್ತು ಸೆಕೆಂಡ್ ದಾಟುತ್ತದೆ, ಜೊತೆಗೆ ಯಾವಾಗಲೂ ಉಳಿದುಹೋಗುವ ಹೆಬ್ಬೆರಳೂ ಉಗುರೂ ಲೆಕ್ಕಕ್ಕೆ ಬರುತ್ತವೆ. ಕೈಬೆರಳಲ್ಲೇ ಎಣಿಸಿಕೊಳ್ಳಬಹುದಾದ್ದರಿಂದ ಇದು ಬೇಗ ಬಾಯಿಗೆ ಬಂತು, ಬಾಯಿಗೆ ಬಂದ ಮೇಲೆ ಗೋಡೆ ನೋಡುವ ಅಗತ್ಯವೇ ಇರಲಿಲ್ಲ. ಆಭರಣ ತೆಗೆದಿಡಿ ಎಂದು ನಿಯಮಪುಸ್ತಕ ಹೇಳುತ್ತದೆ. ಗಾಜಿನ ಬಳೆ ತೆಗೆಯಿರಿ ಎಂದು ಮುತ್ತೈದೆಗೆ ಹೇಳಿದರೆ ಆಕೆ ಆ ಫಲಕದ ಉಳಿದ ಮಾತನ್ನೂ ಕೇಳುವುದಿಲ್ಲ. 'ಬಳೆ ಮೇಲೆ ಸರಿಸಿ' ಎಂದು ಬರೆದೆವು, ಸರಿಸಿದರು. ಅಷ್ಟೆಲ್ಲ ತೊಳೆದ ಮೇಲೆ ಕೈ ಒರೆಸುವುದು ಸೆರಗಿಗೆ, ಇಲ್ಲವೇ ಪಾತ್ರೆ ಇಳಿಸುವ ಮಸಿಬಟ್ಟೆಗೆ. ಅಲ್ಲಿಗೆ ತೊಳೆದದ್ದು ನೀರಿನಲ್ಲಿ ಹೋಮ. 'ಸೆರಗಿಗೆ ಒರೆಸಬೇಡಿ' ಎಂದರೆ ಮತ್ತೆ ಬೇಡದ ಬಾಲ. 'ಕೈ ಕೊಡವಿ, ಗಾಳಿಗೆ ಆರಲಿ' ಎಂದು ಬರೆದು ಕೈ ಕೊಡವುವ ಚಿತ್ರ ಹಾಕಿದೆವು. ಈ ಸಾಲು ಅರ್ಧಂಬರ್ಧ ಗೆದ್ದಿತು ಎನ್ನಬೇಕು. ಮಳೆಗಾಲದಲ್ಲಿ ಕೈ ಆರುವ ಹೊತ್ತಿಗೆ ಅನ್ನ ಹಿಡಿಯುತ್ತದೆ.

ಕೈ ತೊಳೆಯುವುದಕ್ಕೆ ಸಂಬಂಧಿಸದ ಫಲಕವೂ ಒಂದು ಆ ಕೋಣೆಯಲ್ಲಿತ್ತು. 2013ರ ಜುಲೈಯಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಗಂಡಾಮನ್ ಎಂಬ ಹಳ್ಳಿಯಲ್ಲಿ ಶಾಲೆಯ ಮಧ್ಯಾಹ್ನದ ಊಟ ಮಾಡಿದ 23 ಮಕ್ಕಳು ಸತ್ತರು. ಅಡುಗೆಯಲ್ಲಿ ಸಿಕ್ಕಿದ್ದು ಮೊನೊಕ್ರೊಟೊಫಾಸ್ ಎಂಬ ಬೆಳೆಗೆ ಹೊಡೆಯುವ ವಿಷ, ಎಣ್ಣೆಯ ಮೂಲಕ ಬಂದದ್ದು. ಆಮೇಲೆ 'ಕೀಟನಾಶಕಗಳ ಡಬ್ಬಿಗಳನ್ನು ಆಹಾರ ಸಂಗ್ರಹಣೆಗೆ ಬಳಸಬಾರದು' ಎಂದು ನಾನೂ ಬರೆಸಿದೆ. ನಮ್ಮ ಹಳ್ಳಿಗಳಲ್ಲಿ ಅದನ್ನು ಕೀಟನಾಶಕ ಎಂದು ಯಾರು ಕರೆಯುತ್ತಾರೆ? ಔಷಧಿ ಎನ್ನುತ್ತಾರೆ. 'ಗದ್ದೆಗೆ ಔಷಧಿ ಹೊಡೆದೆವು' ಎನ್ನುವ ಮಾತು. ಸರಿ, ಔಷಧಿ ಡಬ್ಬಿ ಎಂದು ಬರೆಯೋಣವೆಂದರೆ, ಅದು ಕೆಮ್ಮಿನ ಔಷಧಿಯೂ ಆಗುತ್ತದೆ, ತೊಳೆದಿಟ್ಟ ಆ ಬಾಟಲಿಗೆ ಎಣ್ಣೆ ಹಾಕಿದರೆ ಏನಾಯಿತು ಎಂದು ಕೇಳುತ್ತಾರೆ. ಕೊನೆಗೆ ಬರೆದದ್ದು: 'ಬೆಳೆಗೆ ಹೊಡೆಯುವ ಔಷಧಿ ವಿಷ. ಅದರ ಡಬ್ಬಿ ಹೊರಗೆ.' ಮುರಿದು ನೋಡಿ, ಎಲ್ಲಿ ಮುರಿದರೂ ಉಲ್ಟಾ ಆಗುವುದಿಲ್ಲ.

ಪರೀಕ್ಷಿಸುವ ಕ್ರಮವೂ ಸರಳವೇ, ಆದರೆ ಒಂದು ಎಚ್ಚರ ಬೇಕು. 'ಅರ್ಥವಾಯಿತಾ' ಎಂದು ಕೇಳಿದರೆ ಹೌದು ಎಂಬ ಉತ್ತರ ಬಿಟ್ಟು ಬೇರೆ ಬರುವುದಿಲ್ಲ. ಮೇಡಂ ಮನಸ್ಸು ನೋಯಿಸುವುದು ಯಾರಿಗೂ ಇಷ್ಟವಿಲ್ಲ, ಓದು ಬಾರದು ಎಂದು ಒಪ್ಪಿಕೊಳ್ಳುವುದೂ ಇಷ್ಟವಿಲ್ಲ. ಫಲಕವನ್ನು ಕಾಗದದ ಮೇಲೆ ಕೈಯಲ್ಲೇ ಬರೆದು ತೋರಿಸಿ, 'ಇದು ಏನು ಮಾಡು ಅನ್ನುತ್ತದೆ, ಮಾಡಿ ತೋರಿಸಿ' ಎನ್ನಿ. ಒಬ್ಬೊಬ್ಬರನ್ನೇ ಕರೆದು ಕೇಳಿ, ಇಲ್ಲವಾದರೆ ಓದು ಬರುವವಳು ಎಲ್ಲರ ಪರವಾಗಿ ಹೇಳಿಬಿಡುತ್ತಾಳೆ. ತಪ್ಪು ಮಾಡಿ ತೋರಿಸಿದರೆ ತಿದ್ದಬೇಕಾದದ್ದು ಅವರನ್ನಲ್ಲ, ಕಾಗದವನ್ನು. ಪ್ರೆಸ್ಸಿಗೆ ಕೊಟ್ಟು, ಲ್ಯಾಮಿನೇಟ್ ಮಾಡಿಸಿ, ಮೊಳೆ ಹೊಡೆಯುವುದು ಆಮೇಲಿನ ಮಾತು. ಕಾಗದದ ಹಂತದಲ್ಲಿ ನಾವು ನಲ್ಲಿಯ ಫಲಕವನ್ನು ನಾಲ್ಕು ಸಲ ಬದಲಿಸಿದೆವು.

ಫಲಕದಿಂದ ಆಗದ್ದೂ ಇದೆ. 'ಹೊಟ್ಟೆ ಕೆಟ್ಟಿದೆಯಾ? ಮೊದಲು ಟೀಚರಿಗೆ ಹೇಳಿ' ಎಂದು ಬರೆದೆವು. ಭೇದಿಯೆಂದು ಬರೆದರೆ ಒಂದೊಂದು ಕಡೆ ಒಂದೊಂದು ಹೆಸರು, ಹೊಟ್ಟೆ ಕೆಡುವುದು ಎಲ್ಲರಿಗೂ ಒಂದೇ. ಬ್ರಿಟನ್ನಿನಲ್ಲಿ ಅಡುಗೆ ಕೆಲಸದವರಿಗೆ ವಾಂತಿ, ಭೇದಿ ನಿಂತ ಮೇಲೂ 48 ಗಂಟೆ ಕೆಲಸಕ್ಕೆ ಬರಬೇಡಿ ಎಂಬ ನಿಯಮವಿದೆ. ಇಲ್ಲಿ ನಮ್ಮ ಸಾಲು ಮೂವರಿಗೂ ಸರಾಗವಾಗಿ ತಿಳಿಯಿತು, ಮಾಡಿ ತೋರಿಸಿದರು. ವರ್ಷವಿಡೀ ಒಬ್ಬರೂ ಬಂದು ಹೇಳಲಿಲ್ಲ. ಕೇಳಿದ್ದಕ್ಕೆ ಹಿರಿಯಾಕೆ ಅಂದದ್ದು, 'ಹೇಳುದ್ರೆ ಮನೆಗೆ ಹೋಗು ಅಂತೀರಿ. ಆ ದಿನದ ಕಾಸು ಯಾರ್ ಕೊಡ್ತಾರೆ?' ಅದಕ್ಕೆ ನನ್ನ ಹತ್ತಿರ ಸುಲಭವಾದ ಕನ್ನಡದಲ್ಲಾಗಲಿ ಕಷ್ಟದ ಕನ್ನಡದಲ್ಲಾಗಲಿ ಉತ್ತರ ಇರಲಿಲ್ಲ. ವಾರ್ಡನ್ನರೇ, ನಿಮ್ಮ ಹಾಸ್ಟೆಲಿನಲ್ಲಿ ಈ ಸಾಲು ಬರೆಸುವ ಮೊದಲು ರಜೆಯ ದಿನದ ಸಂಬಳದ ವಿಷಯ ತೀರ್ಮಾನ ಮಾಡಿಕೊಳ್ಳಿ. ಹಾಗೆಯೇ ನಲ್ಲಿಯ ಪಕ್ಕ ಸೋಪು ಇಲ್ಲದ ದಿನ ಫಲಕ ಸುಳ್ಳು ಹೇಳುತ್ತಿರುತ್ತದೆ. ನಾವು ಸೋಪನ್ನು ಹಳೆಯ ಕಾಲುಚೀಲದಲ್ಲಿ ಹಾಕಿ ನಲ್ಲಿಗೇ ಕಟ್ಟಿದೆವು, ಮಕ್ಕಳು ಹೊತ್ತೊಯ್ಯುವುದು ನಿಂತಿತು.

ಶಿಕ್ಷಕಿಯವರೇ, ನಿಮ್ಮ ನಲ್ಲಿಯ ಮೇಲೆ ನಾನಾದರೆ ಮೂರೇ ಸಾಲು ಬರೆಸುತ್ತಿದ್ದೆ. 'ಕಸ, ತಲೆ, ಮೂಗು ಮುಟ್ಟಿದಿರಾ? ರುಚಿ ನೋಡಿದಿರಾ? ಸೋಪು ಹಾಕಿ ಕೈ ತೊಳೆಯಿರಿ.' ಅಕ್ಷರ ಅಂಗೈಯಷ್ಟು ದಪ್ಪ, ಬಿಳಿಯ ಮೇಲೆ ಕಪ್ಪು, ನಿಂತವರ ಕಣ್ಣಿನ ಮಟ್ಟಕ್ಕೆ. ಇದನ್ನು ಹಾಗೇ ಇಳಿಸಿಕೊಂಡು ಪ್ರೆಸ್ಸಿಗೆ ಕಳಿಸಬೇಡಿ. ನಿಮ್ಮ ಅಡುಗೆಯವರಿಗೆ ಒಬ್ಬೊಬ್ಬರಾಗಿ ತೋರಿಸಿ, ಅವರು ಎಲ್ಲಿ ತಡವರಿಸಿದರು, ಏನೆಂದು ಓದಿದರು ಎಂಬುದನ್ನು ನನಗೆ ಬರೆದು ತಿಳಿಸಿ.